ಉಸಿರು ವಾಪಸ್ ಬರದೇ ಹೋದರೆ ಅಂತ ಕೇಳಿದ್ದೆಯಲ್ಲ

ರಘು,

ನಿನ್ನ ಪತ್ರದ ಉಳಿದದ್ದಕ್ಕೆಲ್ಲ ಆಮೇಲೆ ಬರೆಯುತ್ತೇನೆ. "ನಿದ್ದೆಯಲ್ಲಿ ನನ್ನ ಉಸಿರು ನಿಲ್ಲುತ್ತದಂತೆ, ಒಂದು ರಾತ್ರಿ ವಾಪಸ್ ಬರದೇ ಹೋದರೆ ಏನು ದೊಡ್ಡಪ್ಪ" ಅಂತ ಕೇಳಿದ್ದೀಯಲ್ಲ, ಆ ಸಾಲು ಬಿಟ್ಟು ನನಗೆ ಮುಂದಕ್ಕೆ ಹೋಗಲಾಗಲಿಲ್ಲ.

ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ಕಾಯಿಲೆ, ಅಂದರೆ ಸ್ಲೀಪ್ ಅಪ್ನಿಯಾ, ನಿನಗೆ ಇದೆಯೋ ಇಲ್ಲವೋ ಪರೀಕ್ಷೆ ಆಗದೆ ಹೇಳುವವನು ನಾನಲ್ಲ. ನನಗಿದೆ, ಹಾಗಾಗಿ ನನ್ನದನ್ನು ಹೇಳುತ್ತೇನೆ. ನಾಲಿಗೆಯ ಹಿಂದೆ ಗಂಟಲಿನ ಒಂದು ಭಾಗಕ್ಕೆ ಮೂಳೆಯ ಆಸರೆಯೇ ಇಲ್ಲ, ಅದನ್ನು ತೆರೆದಿಡುವುದು ಸುತ್ತಲಿನ ಸ್ನಾಯುಗಳು ಮಾತ್ರ. ಎಚ್ಚರ ಇರುವಾಗ ಅವು ಬಿಗಿಯಾಗಿರುತ್ತವೆ. ನಿದ್ದೆ ಬಂದಾಗ ಸಡಿಲವಾಗುತ್ತವೆ, ಅಂಗಾತ ಮಲಗಿದ್ದರೆ ನಾಲಿಗೆ ಹಿಂದಕ್ಕೆ ಜಾರುತ್ತದೆ, ಜೊತೆಗೆ ಉಸಿರು ಎಳೆದುಕೊಳ್ಳುವ ಸೆಳೆತವೇ ಆ ಮೆತ್ತನೆಯ ಗೋಡೆಗಳನ್ನು ಒಳಕ್ಕೆ ಎಳೆಯುತ್ತದೆ. ದಾರಿ ಕಿರಿದಾದರೆ ಗೊರಕೆ, ಪೂರ್ತಿ ಮುಚ್ಚಿದರೆ ಸದ್ದೇ ಇಲ್ಲ. ಹತ್ತಿರ ಮಲಗಿದವರಿಗೆ ಹೆದರಿಕೆ ಆಗುವುದು ಆ ಮೌನಕ್ಕೇ. ಆದರೆ ಆಗಲೂ ಎದೆ ಹೊಟ್ಟೆ ಎರಡೂ ಉಸಿರಿಗಾಗಿ ಎಳೆದಾಡುತ್ತಲೇ ಇರುತ್ತವೆ. ಮಿದುಳು ಉಸಿರಾಡಲು ಮರೆತಿಲ್ಲ ಕಣೋ, ದಾರಿ ಮುಚ್ಚಿದೆ ಅಷ್ಟೇ.

ವಾಪಸ್ ಬರುವುದು ಹೇಗೆ ಅಂದರೆ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ, ಎದೆಯ ಎಳೆತ ಜಾಸ್ತಿಯಾಗುತ್ತದೆ, ಆಗ ಮಿದುಳು ಕೆಲವೇ ಸೆಕೆಂಡು ಎಚ್ಚರಗೊಂಡು ಸ್ನಾಯುಗಳನ್ನು ಬಿಗಿ ಮಾಡುತ್ತದೆ. ಒಂದು ದೊಡ್ಡ ಏದುಸಿರು, ಮತ್ತೆ ನಿದ್ದೆ. ಬೆಳಿಗ್ಗೆ ನಮಗೆ ಇದ್ಯಾವುದೂ ನೆನಪಿರುವುದಿಲ್ಲ.

ರಾತ್ರಿಯಿಡೀ ಬೆರಳಿನಿಂದ ಅಳೆದ ನನ್ನ ಆಕ್ಸಿಜನ್ ಗ್ರಾಫ್ ಗರಗಸದ ಹಲ್ಲಿನ ಹಾಗಿತ್ತು. ಒಂದೇ ಒಂದು ಹಲ್ಲು ತೆಗೆದುಕೋ. ಉಸಿರು ನಿಂತಾಗ ರಕ್ತದ ಆಕ್ಸಿಜನ್ ಶೇಕಡಾ 96, ಮೊದಲಿಗೆ ಏನೂ ಆಗುವುದಿಲ್ಲ, ಶ್ವಾಸಕೋಶದಲ್ಲಿ ಉಳಿದ ಗಾಳಿಯಿಂದಲೇ ನಡೆಯುತ್ತದೆ. ಆಮೇಲೆ ನಿಧಾನವಾಗಿ 93, 91. 90ರ ಕೆಳಗೆ ಹೋದ ಮೇಲೆ ಇಳಿತ ಜೋರಾಗುತ್ತದೆ, ರಕ್ತ ಆಕ್ಸಿಜನ್ ಹಿಡಿದಿಡುವ ರೀತಿಯೇ ಹಾಗೆ. ನನ್ನದು 84ಕ್ಕೆ ಮುಟ್ಟಿತ್ತು. ಅದನ್ನು ನೋಡಿ ನನಗೂ ನಿನ್ನದೇ ಭಯ ಹತ್ತಿತ್ತು. ಆಗ ಡಾಕ್ಟರು ಒಂದು ವಿಷಯ ತೋರಿಸಿದರು: ಶ್ವಾಸಕೋಶದ ರಕ್ತ ಬೆರಳಿಗೆ ಬರಲು ಸಮಯ ಬೇಕಲ್ವಾ, ಹಾಗಾಗಿ ಬೆರಳಲ್ಲಿ 84 ಕಾಣುವ ಹೊತ್ತಿಗೆ ಉಸಿರು ಆಗಲೇ ಶುರುವಾಗಿರುತ್ತದೆ.

ಹಾಗಂತ ಸುಮ್ನೆ ಇರು ಅಂತ ಹೇಳುತ್ತಿಲ್ಲ. ಉಸಿರನ್ನು ವಾಪಸ್ ತರುವ ಆ ಎಚ್ಚರವೇ ನಿದ್ದೆಯನ್ನು ಚೂರು ಮಾಡುತ್ತದೆ. ನನಗೆ ಗಂಟೆಗೆ 38 ಸಲ ಹೀಗಾಗುತ್ತಿತ್ತು, 30 ದಾಟಿದರೆ ತೀವ್ರ ಅನ್ನುತ್ತಾರೆ. ಪ್ರತಿ ಸಲವೂ ಬಿಪಿ ಏರುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಹಗಲಲ್ಲೂ ಬಿಪಿ ಇಳಿಯದೆ ನಿಲ್ಲಬಹುದು, ಹೃದಯದ ಬಡಿತ ತಪ್ಪಬಹುದು. ನಿನ್ನ ಭಯ ಒಂದು ರಾತ್ರಿಯದ್ದು, ನನಗೆ ಚಿಂತೆ ಆ ವರ್ಷಗಳದ್ದು. ಮಕ್ಕಳು ಸಂಜೆ ಪಕ್ಕದಲ್ಲಿ ಕೂತು ಏನೇನೋ ಹೇಳುತ್ತಿದ್ದರು, ನಾನು ಕೂತಲ್ಲೇ ತೂಕಡಿಸುತ್ತಿದ್ದೆ. ಅಪ್ಪ ಸುಸ್ತಾಗಿದ್ದಾರೆ ಅಂತ ಎದ್ದು ಹೋಗುತ್ತಿದ್ದರು. ಏನು ಹೇಳುತ್ತಿದ್ದರೋ, ಈಗ ಕೇಳಿದರೆ ಅವರಿಗೂ ನೆನಪಿಲ್ಲ.

ಉಪದೇಶ ಮಾಡುತ್ತಿದ್ದೇನೆ ಅಂದುಕೊಳ್ಳಬೇಡ. ಕುಡಿತ, ನಿದ್ದೆ ಮಾತ್ರೆ ಎರಡೂ ಗಂಟಲನ್ನು ಇನ್ನಷ್ಟು ಸಡಿಲ ಮಾಡಬಹುದು, ಆ ಎಚ್ಚರವನ್ನೂ ತಡ ಮಾಡಬಹುದು. ಉಸಿರು ಬರದಿದ್ದರೆ ಅಂತ ಹೆದರುವವನು ಮೊದಲು ನೋಡಬೇಕಾದ್ದು ಅದನ್ನೇ ಅಂತ ನನಗನಿಸುತ್ತದೆ. ಬೆರಳಿಗೆ ಹಾಕುವ ಆಕ್ಸಿಮೀಟರ್ ಹಗಲಲ್ಲಿ 98 ತೋರಿಸಿತು ಅಂತ ನೆಮ್ಮದಿಯಾಗಬೇಡ, ನನ್ನದೂ ತೋರಿಸುತ್ತಿತ್ತು. ರಾತ್ರಿ ಕೂಡ ಕೆಲವರಲ್ಲಿ, ಅದರಲ್ಲೂ ನಿನ್ನಂಥ ಸಣಕಲರಲ್ಲಿ, ಆಕ್ಸಿಜನ್ ಇಳಿಯುವ ಮೊದಲೇ ಎಚ್ಚರ ಆಗಿಬಿಡುತ್ತದೆ. ನಿದ್ದೆ ಹಾಳಾಗಿರುತ್ತದೆ, ಗ್ರಾಫ್ ಮಾತ್ರ ಚೆನ್ನಾಗಿರುತ್ತದೆ. ಅದಕ್ಕೇ ನಿದ್ದೆಯ ಪೂರ್ತಿ ಪರೀಕ್ಷೆ ಬೇಕಾಗಬಹುದು. ನಾನು ಈಗ ಸಿಪ್ಯಾಪ್ ಅನ್ನುವ ಯಂತ್ರದ ಮಾಸ್ಕ್ ಹಾಕಿ ಮಲಗುತ್ತೇನೆ, ಅದು ಗಾಳಿಯ ಒತ್ತಡದಿಂದಲೇ ಗಂಟಲನ್ನು ತೆರೆದಿಡುತ್ತದೆ. ಮಾಸ್ಕ್ ಅಂದರೆ ಕಿರಿಕಿರಿಯೇ, ಸುಳ್ಳು ಹೇಳಲ್ಲ.

ಪರೀಕ್ಷೆ ಆಗುವವರೆಗೆ ಮಗ್ಗುಲಾಗಿ ಮಲಗಿ ನೋಡು, ತೂಕಡಿಕೆ ಇದ್ದರೆ ಗಾಡಿ ಓಡಿಸಬೇಡ. ನಿನ್ನ ಹೆಂಡತಿಗೆ ಒಂದು ರಾತ್ರಿ ಮೊಬೈಲಲ್ಲಿ ವಿಡಿಯೋ ಮಾಡಲು ಹೇಳು. ಮುಖ ಒಂದೇ ಸಾಲದು, ಎದೆ ಹೊಟ್ಟೆ ಕಾಣಲಿ, ಸದ್ದು ನಿಂತಾಗ ಅವು ಅಲ್ಲಾಡುತ್ತಿವೆಯಾ ಅಂತ ಡಾಕ್ಟರಿಗೆ ಗೊತ್ತಾಗಬೇಕು. ನನಗೂ ಕಳಿಸು.

ನಿನ್ನ
ದೊಡ್ಡಪ್ಪ