ಭಾನುವಾರದ ಸ್ವಾಗತ ತಂಡಕ್ಕೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 9ಕ್ಕೆ ಜಯನಗರದ ಶಿಬಿರದ ಬಾಗಿಲಲ್ಲಿ ನಿಲ್ಲುವ ಆರು ಜನಕ್ಕೆ ಈ ಸೂಚನೆ.

ಮುಖದ ಫೋಟೋ 0.1 ಸೆಕೆಂಡ್ ಕಂಡರೂ ಸಾಕು, ‘ನಂಬಬಹುದಾ’ ಅಂತ ಜನ ತೀರ್ಮಾನಿಸಿಬಿಡ್ತಾರೆ ಎಂದು 2006ರಲ್ಲಿ ಮನೋವಿಜ್ಞಾನಿಗಳಾದ ವಿಲ್ಲಿಸ್ ಮತ್ತು ಟೊಡೊರೊವ್ ತೋರಿಸಿದರು. ಹೆಚ್ಚು ಹೊತ್ತು ಕೊಟ್ಟಾಗ ತೀರ್ಮಾನ ಅಷ್ಟೇನೂ ಬದಲಾಗಲಿಲ್ಲ, ಅದರ ಮೇಲಿನ ಭರವಸೆ ಮಾತ್ರ ಹೆಚ್ಚಿತು. (ತೀರ್ಮಾನ ಸರಿಯಿರುತ್ತೆ ಅಂತಲ್ಲ!)

ಕಳೆದ ಸಲ ನಾನೇ ರಿಜಿಸ್ಟರ್‌ನಲ್ಲಿ ತಲೆ ಹುದುಗಿಸಿ “ಬನ್ನಿ, ಹೆಸರು?” ಅಂದೆ. ಒಬ್ಬರು ಅಜ್ಜಿ ಹೊಸ್ತಿಲಲ್ಲೇ ನಿಂತುಬಿಟ್ಟರು. ಆದ್ದರಿಂದ ಪೆನ್ನು ಕೆಳಗಿಡಿ, ಮೊದಲು ಕಣ್ಣು ನೋಡಿ, ನಗು ನಿಧಾನಕ್ಕೆ ಅರಳಲಿ, ಆಮೇಲೆ ನಮಸ್ಕಾರ. ಫಕ್ಕನೆ ಬಂದು ಹೋಗುವ ನಗು ತೋರಿಕೆಯದು ಅನಿಸುತ್ತೆ. ನೋಟ ಎರಡು-ಮೂರು ಸೆಕೆಂಡ್ ಸಾಕು, ದಿಟ್ಟಿಸಬೇಡಿ.

ಯಾರ್ಯಾರು ಬರ್ತೀರಿ ಅಂತ ಶನಿವಾರ ಸಂಜೆಯೊಳಗೆ ಇಲ್ಲೇ ತಿಳಿಸಿ.