ಬಾಗಿಲಿನ ಕಟ್ ಬಗ್ಗೆ ಸಹನಾಗೆ

ಪ್ರೀತಿಯ ಸಹನಾಗೆ ಆಶೀರ್ವಾದಗಳು.

ನಿನ್ನ ಪತ್ರದ ಒಂದು ಸಾಲು ನನ್ನನ್ನು ಬಿಡುತ್ತಿಲ್ಲ. "ಎರಡು ಶಾಟ್‌ಗಳನ್ನು ಫ್ರೇಮ್ ಎಣಿಸಿ ಹೊಂದಿಸಿದರೂ ಬಾಗಿಲು ತೆಗೆಯುವಾಗ ಕೈ ಎಗರಿದ ಹಾಗೆ ಕಾಣುತ್ತೆ ಮಾವ, ನನಗೆ ಎಡಿಟಿಂಗ್‌ಗೆ ಬೇಕಾದ ಕಣ್ಣೇ ಇಲ್ಲವೇನೋ" ಅಂತ ಬರೆದಿದ್ದೀಯ. ಎಗರಿದ್ದು ನಿನಗೆ ಕಂಡಿತು, ಅಲ್ವಾ? ಕಣ್ಣಿಲ್ಲದಿದ್ದರೆ ಅದು ಹೇಗೆ ಕಾಣುತ್ತಿತ್ತು?

ಕರಾರುವಾಕ್ಕಾಗಿ ಹೊಂದಿಸಿದ್ದೇ ತೊಂದರೆ ಆಗಿರಬಹುದು. ದೂರದ ಶಾಟ್‌ನಿಂದ ಕ್ಲೋಸಪ್‌ಗೆ ಹೋದಾಗ, ಹೊಸ ಚಿತ್ರದಲ್ಲಿ ಕೈ ಎಲ್ಲಿದೆ ಅಂತ ಹುಡುಕಲು ನೋಡುವವರಿಗೆ ಒಂದು ಚೂರು ಹೊತ್ತು ಬೇಕು. ಅಷ್ಟರಲ್ಲಿ ಹಿಡಿಕೆ ಇನ್ನಷ್ಟು ತಿರುಗಿರುತ್ತದೆ. ನಡುವಿನ ಚಲನೆ ಎಲ್ಲೋ ಕಳೆದುಹೋದ ಹಾಗೆ ಅನಿಸುತ್ತದೆ. ಕೈ ಹಿಡಿಕೆ ಮುಟ್ಟಿ ನಿಂತ ಮೇಲೆ ಕತ್ತರಿಸಬೇಡ. ನಿಂತ ಕೈಯನ್ನು ಹೋಲಿಸಿ ನೋಡಲು ಎಲ್ಲರಿಗೂ ಪುರುಸೊತ್ತು ಸಿಗುತ್ತದೆ. ಹಿಡಿಕೆ ಅರ್ಧ ತಿರುಗಿದಾಗ ದೂರದ ಶಾಟ್ ಬಿಡು. ಕ್ಲೋಸಪ್ಪನ್ನು ಆ ಅರ್ಧಕ್ಕಿಂತ 2–3 ಫ್ರೇಮ್ ಹಿಂದಿನಿಂದ ಶುರು ಮಾಡು. ಸೆಕೆಂಡಿಗೆ 24 ಫ್ರೇಮ್ ಓಡುವಾಗ ಆ ಮರುಕಳಿಕೆ ಗೊತ್ತಾಗುವುದಿಲ್ಲ. ಜಾಸ್ತಿ ಹಿಂದೆ ಹೋದರೆ ಮಾತ್ರ ಕೈ ತಡವರಿಸಿದ ಹಾಗೆ ಕಾಣುತ್ತದೆ. ನಿನ್ನ ತುಣುಕುಗಳನ್ನು ನೋಡದೆ ಹೇಳುತ್ತಿದ್ದೇನೆ, ಆ ಸಂಖ್ಯೆಯನ್ನು ನಿಯಮ ಅಂದುಕೊಳ್ಳಬೇಡ.

ಬಲಗೈ ಒಂದು ಶಾಟ್‌ನಲ್ಲಿ, ಎಡಗೈ ಇನ್ನೊಂದರಲ್ಲಿ ಇದೆ ಅಂದೆ. ಅದಕ್ಕೆ ಫ್ರೇಮ್ ಜರುಗಿಸಿ ಉಪಯೋಗವಿಲ್ಲ. ಕ್ಲೋಸಪ್ ಬಿಟ್ಟು, ಬಾಗಿಲು ಅಲುಗಿದ ತಕ್ಷಣ ಕೋಣೆಯ ಒಳಗಿನ ಶಾಟ್‌ಗೆ ಹೋಗು. ಮೊದಮೊದಲು ಬಾಗಿಲೇ ನಿನ್ನ ನಟಿಯ ಕೈಯನ್ನು ಮರೆಮಾಡುತ್ತದೆ.

ಹೀಗೆ ಬರೆಯುವಾಗ ಹಳೆಯದೊಂದು ನೆನಪಾಗುತ್ತದೆ. ನಾನು ಸಹಾಯಕನಾಗಿದ್ದಾಗ, ಫಿಲ್ಮ್ ಎಡಿಟ್ ಮಾಡುವ ಸ್ಟೀನ್‌ಬೆಕ್ ಮೇಜಿನ ಮೇಲೆ ಇಂಥದೇ ದೃಶ್ಯ ಇತ್ತು. ಒಂದು ಟೇಕ್‌ನಲ್ಲಿ ನಟಿ ಹಿಡಿಕೆ ಮುಟ್ಟುವ ಮೊದಲು ಉಸಿರು ಬಿಗಿಹಿಡಿದಿದ್ದಳು. ಒಳಗೆ ಏನೋ ಕಾದಿದೆ ಅನ್ನೋದು ಅವಳ ಮುಖದಲ್ಲೇ ಇತ್ತು. ಹಿಂದಿನ ಶಾಟ್‌ಗೆ ಹೊಂದದೆ ಚೀಲ ಇನ್ನೊಂದು ಭುಜದ ಮೇಲಿದೆ ಅಂತ ಹಿರಿಯರು ಆ ಟೇಕ್ ತೆಗೆದುಹಾಕಿದರು. ಅವರ ಮುಂದೆ ಮಾತಾಡುವ ಧೈರ್ಯ ಆಗ ಯಾರಿಗಿತ್ತು? ಹೊಂದಿಕೊಂಡ ಟೇಕ್ ಪರದೆಗೆ ಹೋಯಿತು, ಆ ಮುಖ ಹೋಗಲಿಲ್ಲ. ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಎಲ್ಲರೂ ಮುಖವನ್ನೇ ನೋಡುತ್ತಿದ್ದರೆ ಚೀಲ ಯಾರ ಗಮನಕ್ಕೂ ಬರುವುದಿಲ್ಲ ಮಗಳೇ. ಹೋಲಿಕೆ ತಪ್ಪಬಾರದು ಅನ್ನುವ ಭಯದಲ್ಲಿ ಒಳ್ಳೆಯ ಟೇಕ್ ಕಳಕೊಳ್ಳಬೇಡ.

ಕಣ್ಣಿನ ಮಾತಿಗೇ ಮತ್ತೆ ಬರುತ್ತೇನೆ. ಒಂದೊಂದೇ ಫ್ರೇಮ್ ತಳ್ಳಿ ನೋಡುತ್ತಾ ಕೂತರೆ ಯಾವ ಕಟ್ ಆದರೂ ಎಗರುತ್ತದೆ. ನಿನ್ನ ನಟಿ ಬಾಗಿಲ ಕಡೆ ನಡೆದು ಬರುವಲ್ಲಿಂದ ಶುರು ಮಾಡಿ, ನಿಲ್ಲಿಸದೆ ನೋಡು. ಆಗಲೂ ಎಗರಿದರೆ ಒಂದೇ ಫ್ರೇಮ್ ಜರುಗಿಸಿ ಮತ್ತೆ ಮೊದಲಿಂದ ನೋಡು. ನಾಳೆ ಬೆಳಿಗ್ಗೆ ಇನ್ನೊಮ್ಮೆ ನೋಡಿದರೆ ಇನ್ನೂ ಒಳ್ಳೆಯದು.

ಹೇಳಲು ಮರೆತಿದ್ದೆ, ಚಿಲಕದ ಸದ್ದು. ಎರಡೂ ಶಾಟ್‌ಗಳ ಸದ್ದನ್ನು ಹಾಗೇ ಬಿಟ್ಟರೆ ಎರಡು ಸಲ ಕೇಳೀತು. ಕ್ಲೋಸಪ್‌ನದ್ದನ್ನು ಮಾತ್ರ ಇಟ್ಟುಕೋ. ಹಿಂದಿನ ಶಾಟ್‌ನ ಸುತ್ತಲಿನ ಸದ್ದು ಕಟ್ ದಾಟಿ ಸ್ವಲ್ಪ ಮುಂದಕ್ಕೆ ಹರಿಯಲಿ. ಸದ್ದೂ ಚಿತ್ರವೂ ಒಂದೇ ಫ್ರೇಮ್‌ನಲ್ಲಿ ಬದಲಾದರೆ ಕಟ್ ಎದ್ದು ಕಾಣುತ್ತದೆ. ಹೀಗೆ ಮಾಡಿದ ಮೇಲೆ ಆ ದೃಶ್ಯವನ್ನೂ, ನೀನು ಬಿಟ್ಟ ಟೇಕ್‌ಗಳನ್ನೂ ನನಗೆ ಕಳಿಸು.

ಇಂತಿ ನಿನ್ನ
ಮಾವ