ಏರು ಮುಗಿದ ಮೇಲಿನ ಕಿಲೋಮೀಟರು

ದೋಸ್ತ,

ಫೋಟೋ ಸಿಕ್ಕಿತು, ವಾಚಿನ ಸ್ಕ್ರೀನ್‌ಶಾಟೂ ಸಿಕ್ಕಿತು. ಫೋಟೋದ ಕೆಳಗೆ ಹಾಕಬೇಕೆಂದು ನೀನು ಬರೆದಿರುವ ಸಾಲು ಇದು: ‘ಕೊನೆಗೂ 21 ಕಿಲೋಮೀಟರ್ ಮುಗೀತು! ದೇಹ ಸೋತರೂ ಮನಸ್ಸು ಸೋಲಲಿಲ್ಲ.’ ಇದನ್ನು ಯಾವ ಊರಿನ ಓಟಕ್ಕೂ ಹಾಕಬಹುದು, ಪಿಯುಸಿ ಪಾಸಾದದ್ದಕ್ಕೂ ಹಾಕಬಹುದು. ನೀನು ಓಡಿದ್ದು ಬೀದರಿನಲ್ಲಿ, ಅದೂ ಏಪ್ರಿಲ್ ಬಿಸಿಲಿನಲ್ಲಿ, ಅದೂ ಅಷ್ಟೂರಿನ ಏರನ್ನು ಕಡೆಗೆ ಉಳಿಸಿಕೊಂಡು. ಸಾಲು ಆ ಕಡೆಯ ಮೂರು ಕಿಲೋಮೀಟರಿನಿಂದಲೇ ಬರಬೇಕು.

ನಿನ್ನ ಲೆಕ್ಕವನ್ನೇ ಮುಂದಿಟ್ಟುಕೊಂಡು ನೋಡೋಣ. ರಿಂಗ್ ರೋಡ್ ಸುತ್ತಿ, ಚೌಖಂಡಿ ದಾಟಿ, ಅಷ್ಟೂರಿನ ಗುಮ್ಮಟಗಳ ಹತ್ತಿರ ಇಳಿಯುವ ತನಕ 18 ಕಿಲೋಮೀಟರ್. ಅಷ್ಟನ್ನೂ ಕಿಲೋಮೀಟರಿಗೆ ಆರೂವರೆ ನಿಮಿಷದಂತೆ ಓಡಿದ್ದೀ, 1 ಗಂಟೆ 57 ನಿಮಿಷ. ಅಲ್ಲಿಂದ ತಿರುಗಿ ಊರ ನಡುವಿನ ಚೌಬಾರಾ ಗೋಪುರ ಮುಟ್ಟಲು ಉಳಿದದ್ದು 3.1 ಕಿಲೋಮೀಟರ್, ಅದಕ್ಕೆ ಹಿಡಿದದ್ದು 24 ನಿಮಿಷ 17 ಸೆಕೆಂಡು. ಒಟ್ಟು 2:21:17, ಸರಾಸರಿ ಪೇಸ್ ಕಿಲೋಮೀಟರಿಗೆ 6:42. ಈ 6:42 ಅನ್ನು ಕ್ಯಾಪ್ಶನ್‌ನಲ್ಲಿ ಹಾಕಲೇ ಎಂದು ಕೇಳಿದ್ದೀ. ಬೇಡ. ಕಡೆಯ ಭಾಗದಲ್ಲಿ ಒಂದೊಂದು ಕಿಲೋಮೀಟರಿಗೂ 1 ನಿಮಿಷ 20 ಸೆಕೆಂಡು ಹೆಚ್ಚು ತಗೊಂಡಿದ್ದೀ. ಮುಂಚಿನ 18 ಕಿಲೋಮೀಟರಿನ ಜೊತೆ ಬೆರೆತು ಆ ಕಷ್ಟವೆಲ್ಲ ಸರಾಸರಿಯಲ್ಲಿ ಬರೀ 12 ಸೆಕೆಂಡಾಗಿ ಕಾಣುತ್ತದೆ. ಓದುವವರಿಗೆ ನೀನು ಮೊದಲಿನಿಂದ ಕೊನೆಯ ತನಕ ಒಂದೇ ಸಮ ಓಡಿದಂತೆ ಅನಿಸುತ್ತದೆ.

ಹಾಗಾಗಿ ಆ್ಯಪಿನಲ್ಲಿ ಸರಾಸರಿಯ ಪುಟ ಬಿಟ್ಟು ಒಂದೊಂದು ಕಿಲೋಮೀಟರಿನ ಸಮಯ ತೋರಿಸುವ ಸ್ಪ್ಲಿಟ್‌ಗಳ ಪುಟ ತೆಗೆ. 19ನೇ ಕಿಲೋಮೀಟರು 7:15, 20ನೆಯದು 8:05, 21ನೆಯದು 8:17. ಉಳಿದ 100 ಮೀಟರಿಗೆ 40 ಸೆಕೆಂಡು. ಜೊತೆಗೆ ಅದರ ಕೆಳಗಿರುವ ಏರಿಳಿತದ ಗೆರೆಯನ್ನೂ ನೋಡು. ಏರು ಇರುವುದು 19 ಮತ್ತು 20ರಲ್ಲಿ. 21ನೆಯದರಲ್ಲಿ ನೀನು ಊರೊಳಗೆ ಬಂದಾಗಿತ್ತು, ರಸ್ತೆ ಹೆಚ್ಚುಕಡಿಮೆ ಸಪಾಟಾಗಿತ್ತು. ಆದರೂ ಇಡೀ ಓಟದಲ್ಲಿ ಅತಿ ನಿಧಾನದ ಕಿಲೋಮೀಟರು ಅದೇ. ನಿನ್ನ ಸಾಲು ಇರುವುದು ಇಲ್ಲಿ. ಏರಿನಲ್ಲಿ ಎಲ್ಲರೂ ನಿಧಾನ ಆಗುತ್ತಾರೆ, ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಏರು ಮುಗಿದ ಮೇಲೂ ಕಾಲು ಏಳದಿರುವುದೇ ನಿಜವಾದ ದಣಿವು.

ಹೀಗೇಕಾಯಿತು ಎಂದು ಗೊತ್ತಿದ್ದರೆ ಬರೆಯುವುದು ಸುಲಭ. ಕಾಲು ಕೆಟ್ಟದ್ದು ಏರಿನಲ್ಲಿ ಮಾತ್ರ ಅಲ್ಲ, ಅದಕ್ಕೂ ಮುಂಚೆ ಅಷ್ಟೂರಿಗೆ ಇಳಿಯುವಾಗ. ಇಳಿಜಾರಿನಲ್ಲಿ ಉಸಿರು ಹಗುರ ಇರುತ್ತದೆ, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆದು ಹಿಡಿಯಬೇಕು. ಸ್ನಾಯುವಿನ ಎಳೆಗಳಿಗೆ ಹೆಚ್ಚು ಪೆಟ್ಟು ಬೀಳುವುದು ಈ ತಡೆಯುವ ಕೆಲಸದಲ್ಲೇ. ಮೇಲಿಂದ ಎರಡು ಗಂಟೆ ಓಡಿದ ಹೊತ್ತಿಗೆ ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಭಾಳಷ್ಟು ಖರ್ಚಾಗಿರುತ್ತದೆ, ಬೆವರಿನಲ್ಲಿ ನೀರು ಹೋಗಿ ರಕ್ತದ ಪ್ರಮಾಣ ಇಳಿದಿರುತ್ತದೆ. ಅದಕ್ಕೇ ವೇಗ ಕಡಿಮೆಯಾದರೂ ಎದೆಬಡಿತದ ಗೆರೆ ಕೆಳಗೆ ಬಂದಿಲ್ಲ, ನಿನ್ನ ಗ್ರಾಫಿನಲ್ಲೇ ಇದೆ ನೋಡು. ತೊಡೆ ಎತ್ತಲಾಗದೆ ಹೆಜ್ಜೆ ಗಿಡ್ಡವಾಗುತ್ತದೆ, ಹೆಗಲು ಕಿವಿಯ ಕಡೆ ಏರುತ್ತದೆ, ಶೂಗಳು ಟಪ್ ಎನ್ನುವುದನ್ನು ಬಿಟ್ಟು ಸರ್ ಸರ್ ಎಂದು ನೆಲ ಒರೆಸತೊಡಗುತ್ತವೆ. ಆ ಸದ್ದು ಕ್ಯಾಪ್ಶನ್‌ಗೆ ಭಾಳ ಒಳ್ಳೆಯ ಸಾಮಾನು. ಓಡುವವರಿಗೆ ಕೇಳಿದ ಕೂಡಲೇ ಗೊತ್ತಾಗುತ್ತದೆ, ಓಡದವರಿಗೂ ಅರ್ಥವಾಗುತ್ತದೆ.

ಕಡೆಯ 100 ಮೀಟರ್ 40 ಸೆಕೆಂಡಿನಲ್ಲಿ ಆಗಿದೆ. ಅಂದರೆ ಕಿಲೋಮೀಟರಿಗೆ 6:40ರ ವೇಗ, ಬೆಳಿಗ್ಗೆ ಹೊರಟ ವೇಗಕ್ಕೆ ಹತ್ತಿರ. ಚೌಬಾರಾ ಕಣ್ಣಿಗೆ ಬಿದ್ದ ಮೇಲೆ ಆದದ್ದು ಇದು. ಗುರಿ ಕಂಡ ಕೂಡಲೇ ದಣಿದವರು ಚುರುಕಾಗುವುದು ಓಟದಲ್ಲಿ ಮಾಮೂಲು. ಇನ್ನೆಷ್ಟು ಉಳಿದಿದೆ ಎಂದು ಗೊತ್ತಿಲ್ಲದಾಗ ಮೈ ಸ್ವಲ್ಪ ಹಿಡಿದಿಟ್ಟುಕೊಂಡಿರುತ್ತದೆ. ಹಾಗಾಗಿ ‘ಒಂದು ಹನಿ ಶಕ್ತಿಯೂ ಉಳಿದಿರಲಿಲ್ಲ’ ಎಂದು ಮಾತ್ರ ಬರೆಯಬೇಡ, ನಿನ್ನದೇ ವಾಚು ಅದನ್ನು ಸುಳ್ಳು ಮಾಡುತ್ತದೆ.

ಬಿಸಿಲಿನಲ್ಲಿ ಚಳಿ ಬಂದಂತಾಗಿ ಮೈ ನವಿರೇಳುವುದು, ತಲೆ ತಿರುಗುವುದು, ಮಾತು ತಡವರಿಸುವುದು, ಇವು ಬರೆಯುವ ವಿಷಯವಲ್ಲ. ಅಲ್ಲೇ ನಿಂತು, ನೆರಳಿಗೆ ಹೋಗಿ, ಮೈಗೆ ನೀರು ಸುರಿದುಕೊಳ್ಳಬೇಕು. ಇಂಥದ್ದನ್ನು ಶೌರ್ಯದಂತೆ ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಈಗ ಸಾಲು. ಇನ್‌ಸ್ಟಾಗ್ರಾಂನಲ್ಲಿ ಫೋಟೋದ ಕೆಳಗೆ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ, ಉಳಿದದ್ದು ಒತ್ತಿದರೆ ಬಿಚ್ಚಿಕೊಳ್ಳುತ್ತದೆ. ನಿನ್ನ ಮೊದಲ ಸಾಲು ‘ಕೊನೆಗೂ ಮುಗೀತು’ ಎಂದು ಆ ಜಾಗವನ್ನು ಖರ್ಚು ಮಾಡಿಬಿಡುತ್ತದೆ. ಮುಗಿದದ್ದು ಫೋಟೋದಲ್ಲೇ ಗೊತ್ತಾಗುತ್ತಿದೆಯಲ್ಲ, ಸೊಂಟಕ್ಕೆ ಕೈಕೊಟ್ಟು ನಿಂತಿದ್ದೀ. ಫೋಟೋದಲ್ಲಿ ಕಾಣದ್ದನ್ನು ಮೊದಲು ಹಾಕು. ಒಂದು ಜಾಗ, ಒಂದು ಸದ್ದು, ಎರಡು ಮೂರು ಅಂಕಿ, ಅಷ್ಟು ಸಾಕು. ನಾಲ್ಕನೇ ಅಂಕಿ ಬಂದರೆ ಅದು ಬ್ಯಾಂಕಿನ ಪಾಸ್‌ಬುಕ್ಕಿನಂತೆ ಕಾಣುತ್ತದೆ. ನಮ್ಮ ಕಡೆಯ ಮಾತಿನಲ್ಲೇ ಬರಿ, ಗ್ರಂಥದ ಕನ್ನಡದಲ್ಲಿ ಯಾರೂ ದಣಿಯುವುದಿಲ್ಲ.

ಹೀಗೆ ಮಾಡಬಹುದು:

‘ಏರು ಮುಗದಿತ್ತು, ಕಾಲಿಗಿ ಮಾತ್ರ ಯಾರೂ ಹೇಳಿರಲಿಲ್ಲ. ಸಪಾಟ ರೋಡಿನ್ಯಾಗ ಶೂ ಸರ್ ಸರ್ ಅಂತ ಎಳಕೊಂಡು ಕಿಲೋಮೀಟರಿಗಿ 8 ನಿಮಿಷ 17 ಸೆಕೆಂಡ. ಚೌಬಾರಾ ಕಂಡಿದ್ದೇ ತಡ, ಕಡೀ 100 ಮೀಟರ್ 40 ಸೆಕೆಂಡ.’

ಒಂದು ಸಾಲು ಬಿಟ್ಟು ಕೆಳಗೆ ‘ರಿಂಗ್ ರೋಡ್, ಅಷ್ಟೂರು, ಚೌಬಾರಾ, ಬೀದರ. 21.1 ಕಿ.ಮೀ.’ ಎಂದು ಹಾಕು. ಒಟ್ಟು ಸಮಯ ಬೇಕೆನಿಸಿದರೆ ಅಲ್ಲೇ ಕಡೆಗೆ ಸೇರಿಸು, ಮೇಲೆ ತರಬೇಡ. ‘ಯಾರೂ ಹೇಳಿರಲಿಲ್ಲ’ ಎನ್ನುವುದು ನಿನಗೆ ಹಿಡಿಸದಿದ್ದರೆ ಶೂ ಸದ್ದಿನಿಂದಲೇ ಶುರು ಮಾಡಬಹುದು. ಆದರೆ ಚೌಬಾರಾ ಕಡೆಗೇ ಬರಲಿ, ನೀನು ಕಂಡದ್ದೂ ಹಾಗೇ.

ಮುಂದಿನ ಸಲ ಒಂದು ಕೆಲಸ ಮಾಡು. ನಿಂತ ಹತ್ತು ನಿಮಿಷದೊಳಗೆ ಫೋನಿನಲ್ಲಿ ಧ್ವನಿ ರೆಕಾರ್ಡ್ ಮಾಡಿ ಕಡೆಯ ಭಾಗ ಹೇಗಿತ್ತೆಂದು ಎರಡು ಮಾತು ಹೇಳಿಡು. ಉಸಿರು ಹಿಡಿದು ಹಿಡಿದು ಆಡಿದ ಮಾತಿನಲ್ಲಿ ಅಲಂಕಾರ ಇರುವುದಿಲ್ಲ. ಮನೆಗೆ ಹೋಗಿ ಸುಸಲಾ ತಿಂದು, ಸ್ನಾನ ಮಾಡಿ ಕೂತು ಬರೆದರೆ ‘ಮನಸ್ಸು ಸೋಲಲಿಲ್ಲ’ ಎನ್ನುವಂಥದ್ದೇ ಬರುತ್ತದೆ.

ಫೋಟೋದ ಬಗ್ಗೆಯೂ ಒಂದು ಮಾತು. ಅಷ್ಟೂರು ಊರಿನ ಪೂರ್ವಕ್ಕಿದೆ. ಬೆಳಿಗ್ಗೆ ಅಲ್ಲಿಂದ ವಾಪಸ್ ಬರುವಾಗ ಸೂರ್ಯ ನಿನ್ನ ಬೆನ್ನಿಗೆ, ನೆರಳು ನಿನ್ನ ಮುಂದೆ. ಎದುರು ನಿಂತು ತೆಗೆದವನ ಕ್ಯಾಮೆರಾಕ್ಕೆ ಬಿಸಿಲು ನೇರ ಹೊಡೆದಿದೆ, ಅದಕ್ಕೇ ಏರಿನ ಫೋಟೋದಲ್ಲಿ ನಿನ್ನ ಮುಖ ಕಪ್ಪಾಗಿದೆ. ಪಕ್ಕದಿಂದ ತೆಗೆಯಲು ಹೇಳು, ಇಲ್ಲವೇ ಫೋನಿನ ಪರದೆಯ ಮೇಲೆ ಮುಖವನ್ನು ಒತ್ತಿ ಬೆಳಕು ಹೆಚ್ಚಿಸಲು ಹೇಳು. ಸ್ಕ್ರೀನ್‌ಶಾಟ್ ಹಾಕುವುದಾದರೆ ಸ್ಪ್ಲಿಟ್‌ಗಳದ್ದೇ ಹಾಕು. ನಕಾಶೆ ಹಾಕಿದರೆ ಶುರುವಿನ ಭಾಗ ಮುಚ್ಚು, ನಿನ್ನ ಮನೆಯ ಗಲ್ಲಿ ಪೂರ್ತಿ ಕಾಣುತ್ತಿದೆ.

ನಿನ್ನ ದೋಸ್ತ